ಬಿಕ್ಕಟ್ಟು ಬಂದಾಗ ಯೆನ್ ಏಕೆ ಏರುತ್ತದೆ? ಸಾಲ ತೀರಿಸಲು ಓಡುವವರ ಲೆಕ್ಕ

ಪೀಣ್ಯದ ಒಂದು ಮಷೀನ್ ಶಾಪ್ ಜಪಾನಿನಿಂದ ಸಿಎನ್‌ಸಿ ಯಂತ್ರ ತರಿಸುತ್ತಿದೆ ಅಂದುಕೊಳ್ಳಿ. ಇನ್‌ವಾಯ್ಸ್ 1.5 ಕೋಟಿ ಯೆನ್. 2024ರ ಜುಲೈ 10ರ ಹೊತ್ತಿಗೆ 100 ಯೆನ್‌ಗೆ ಸುಮಾರು 51 ರೂಪಾಯಿ 60 ಪೈಸೆ ಇತ್ತು. ಆ ದರದಲ್ಲಿ ಬಿಲ್ಲು 77.4 ಲಕ್ಷ ರೂಪಾಯಿ. ಹಣ ಕಟ್ಟುವ ಗಡುವು ಆಗಸ್ಟ್ 5ರ ಸೋಮವಾರ. ಅವತ್ತು 100 ಯೆನ್‌ಗೆ ಸುಮಾರು 58 ರೂಪಾಯಿ 60 ಪೈಸೆ. ಅದೇ ಯಂತ್ರ, ಅದೇ ಇನ್‌ವಾಯ್ಸ್, ಆದರೆ ಕಟ್ಟಬೇಕಾದದ್ದು 88 ಲಕ್ಷದ ಹತ್ತಿರ. ನಾಲ್ಕು ವಾರ ತುಂಬುವ ಮೊದಲೇ ಹತ್ತು ಲಕ್ಷ ಹೆಚ್ಚು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಆ ಸೋಮವಾರ ಜಪಾನಿನಲ್ಲಿ ಒಳ್ಳೆಯದೇನೂ ಆಗಿರಲಿಲ್ಲ. ಟೋಕಿಯೊದ ನಿಕ್ಕೇ ಸೂಚ್ಯಂಕ ಒಂದೇ ದಿನದಲ್ಲಿ 12.4% ಕುಸಿದಿತ್ತು; 1987ರ ಅಕ್ಟೋಬರ್ ನಂತರ ಅಷ್ಟು ದೊಡ್ಡ ಕುಸಿತ ಆಗಿರಲಿಲ್ಲ. ಮುಂಬೈಯಲ್ಲಿ ಸೆನ್ಸೆಕ್ಸ್ ಸುಮಾರು 2,200 ಅಂಶ ಬಿತ್ತು. ಷೇರುಪೇಟೆ ನೆಲಕಚ್ಚಿದ ದೇಶದ ಹಣವೇ ಅವತ್ತು ಜಗತ್ತಿನಲ್ಲಿ ಎಲ್ಲಕ್ಕಿಂತ ಬೇಡಿಕೆಯ ಹಣವಾಗಿತ್ತು.

ಬಿಕ್ಕಟ್ಟಿನ ಹೊತ್ತಿನಲ್ಲಿ ಹೂಡಿಕೆದಾರರು ಹೀಗೆ ಮುಗಿಬೀಳುವ ಕರೆನ್ಸಿಗಳನ್ನು ಸೇಫ್ ಹೇವನ್, ಅಂದರೆ ಆಸರೆ ಕರೆನ್ಸಿ ಎನ್ನುತ್ತಾರೆ. ಅಮೆರಿಕದ ಡಾಲರ್, ಜಪಾನಿನ ಯೆನ್, ಸ್ವಿಟ್ಜರ್ಲೆಂಡಿನ ಫ್ರಾಂಕ್ ಈ ಮೂರೇ ಮುಖ್ಯವಾದವು. ಸಾಮಾನ್ಯವಾಗಿ ಸಿಗುವ ವಿವರಣೆ ಏನೆಂದರೆ, ಈ ದೇಶಗಳು ಭದ್ರ, ಕಾನೂನು ಗಟ್ಟಿ, ಸಾಲಪತ್ರ ನಂಬಿಕಸ್ಥ, ಹಾಗಾಗಿ ಭಯ ಬಂದಾಗ ದುಡ್ಡು ಅಲ್ಲಿಗೆ ಹೋಗಿ ಸೇರುತ್ತದೆ. ಫ್ರಾಂಕ್ ಮಟ್ಟಿಗೆ ಈ ಮಾತು ಬಹುತೇಕ ಸರಿ. ಯೆನ್ ಮಟ್ಟಿಗೆ ಅದು ಸಾಲುವುದಿಲ್ಲ. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಗೆ ಭೂಕಂಪ, ಸುನಾಮಿ ಬಡಿದು, ಮುಂದಿನ ದಿನಗಳಲ್ಲಿ ಫುಕುಶಿಮಾ ಅಣುಸ್ಥಾವರದಲ್ಲಿ ಸ್ಫೋಟಗಳಾದವು. ಒಂದು ವಾರದೊಳಗೆ ಯೆನ್ ಎಷ್ಟು ಏರಿತೆಂದರೆ, ಡಾಲರ್‌ಗೆ 76 ಯೆನ್ ಮಾತ್ರ ಸಿಗುವ, ಅಲ್ಲಿಯವರೆಗೆ ಕಾಣದ ಮಟ್ಟ ಮುಟ್ಟಿತು. ಅದನ್ನು ಇಳಿಸಲು ಜಿ7 ದೇಶಗಳು ಮಾರ್ಚ್ 18ರಂದು ಒಟ್ಟಾಗಿ ಯೆನ್ ಮಾರಬೇಕಾಯಿತು. ವಿಕಿರಣ ಸೋರುತ್ತಿದ್ದ ದೇಶವನ್ನು ಭದ್ರ ಜಾಗವೆಂದು ಆ ವಾರ ಯಾರೂ ಅಂದುಕೊಂಡಿರಲಿಲ್ಲ.

ಉತ್ತರ ಇರುವುದು ಸಾಲದಲ್ಲಿ. ಯೆನ್ ಏರುವುದು ಹೊಸಬರು ಅದನ್ನು ಇಟ್ಟುಕೊಳ್ಳಲು ಬರುವುದರಿಂದ ಎನ್ನುವುದಕ್ಕಿಂತ, ಹಿಂದೆ ಅದನ್ನು ಸಾಲ ತೆಗೆದು ಮಾರಿದವರೆಲ್ಲ ಒಂದೇ ಬಾರಿಗೆ ವಾಪಸು ಕೊಳ್ಳಲು ಬರುವುದರಿಂದ.

ನಮ್ಮ ಮನೆಗಳ ಲೆಕ್ಕದಲ್ಲೇ ನೋಡೋಣ. ಒಬ್ಬರು ಅಕ್ಕನಿಂದ 100 ಗ್ರಾಂ ಒಡವೆ ಕೈಸಾಲವಾಗಿ ತಂದು, ಗ್ರಾಮಿಗೆ 6,000 ರೂಪಾಯಿಯಂತೆ ಮಾರಿ, ಆ 6 ಲಕ್ಷವನ್ನು ಬಡ್ಡಿ ಬರುವ ಕಡೆ ಹಾಕುತ್ತಾರೆ. ಅಕ್ಕನಿಗೆ ವಾಪಸು ಕೊಡಬೇಕಾದ್ದು ರೂಪಾಯಿಯಲ್ಲ, 100 ಗ್ರಾಂ ಚಿನ್ನ. ಚಿನ್ನದ ದರ ಅಲ್ಲೇ ಇದ್ದರೆ ಬಡ್ಡಿಯೆಲ್ಲ ಲಾಭ. ದರ 7,500ಕ್ಕೆ ಹೋದರೆ ಅದೇ 100 ಗ್ರಾಂ ಕೊಳ್ಳಲು 7.5 ಲಕ್ಷ ಬೇಕು; ಬಡ್ಡಿ ಹೋಗಿ, ಮೇಲೆ ಕೈಯಿಂದಲೂ ಹೋಗುತ್ತದೆ. ಇನ್ನೂ ಏರಬಹುದೆಂಬ ಹೆದರಿಕೆ ಬಂದರೆ ಇವತ್ತೇ ಹೋಗಿ ಚಿನ್ನ ಕೊಂಡುಬಿಡುತ್ತಾರೆ. ಊರಿನ ಸಾವಿರ ಮನೆಗಳಲ್ಲಿ ಇದೇ ಲೆಕ್ಕ ನಡೆದಿದ್ದರೆ ಅವತ್ತು ಚಿನ್ನದಂಗಡಿ ಮುಂದೆ ಏನಾಗುತ್ತದೆ ಎಂದು ಊಹಿಸಬಹುದು. ಯೆನ್ ಪೇಟೆಯಲ್ಲಿ ಆಗಿದ್ದು ಅದೇ.

ಹೀಗೆ ಅಗ್ಗದ ಬಡ್ಡಿಗೆ ಸಾಲ ತೆಗೆದು ಹೆಚ್ಚು ಬಡ್ಡಿ ಬರುವ ಕಡೆ ಹಾಕುವುದಕ್ಕೆ ಕ್ಯಾರಿ ಟ್ರೇಡ್ ಎಂದು ಹೆಸರು. 2024ರ ಜುಲೈನಲ್ಲಿ ಬ್ಯಾಂಕ್ ಆಫ್ ಜಪಾನ್‌ನ ಬಡ್ಡಿದರ 0ರಿಂದ 0.1%, ಅಮೆರಿಕದ ಫೆಡರಲ್ ರಿಸರ್ವ್‌ನದು 5.25ರಿಂದ 5.5%. ಒಂದು ಫಂಡ್ 160 ಕೋಟಿ ಯೆನ್ ಸಾಲ ತೆಗೆದು, ಡಾಲರ್‌ಗೆ 160ರಂತೆ ಮಾರಿ, 1 ಕೋಟಿ ಡಾಲರ್ ಮಾಡಿಕೊಂಡು ಅಮೆರಿಕದ ಅಲ್ಪಾವಧಿ ಸರಕಾರಿ ಪತ್ರದಲ್ಲಿ ಇಟ್ಟಿತು ಎನ್ನಿ. ಅಲ್ಲಿ ಬರುವುದು 5.3%, ಯೆನ್ ಸಾಲಕ್ಕೆ ಹೋಗುವುದು ಎಲ್ಲ ಸೇರಿ ಅರ್ಧ ಪರ್ಸೆಂಟ್. ಉಳಿಕೆ ವರ್ಷಕ್ಕೆ 4.8%, ಅಂದರೆ 4.8 ಲಕ್ಷ ಡಾಲರ್. ಇದಕ್ಕೆ ಫಂಡ್ ಇಟ್ಟ ಸ್ವಂತ ಹಣ ಮಾರ್ಜಿನ್, ಅಂದರೆ ಭದ್ರತಾ ಠೇವಣಿ ರೂಪದ 10 ಲಕ್ಷ ಡಾಲರ್ ಮಾತ್ರ ಆಗಿದ್ದರೆ, ಅದರ ಮೇಲೆ ವರ್ಷಕ್ಕೆ 48% ಸಂಪಾದನೆ. ಆಸೆ ಹುಟ್ಟುವುದು ಸಹಜ. ದರ ಅಲುಗಾಡದೆ ಇರುವಷ್ಟು ದಿನ ಈ ವ್ಯವಹಾರ ಸಂಬಳದ ಹಾಗೆ ತಿಂಗಳು ತಿಂಗಳು ದುಡ್ಡು ಕೊಡುತ್ತದೆ.

ಈಗ ಯೆನ್ ಗಟ್ಟಿಯಾದರೆ ಏನಾಗುತ್ತದೆ ನೋಡಿ. ಒಂದು ಡಾಲರ್‌ಗೆ 160 ಯೆನ್ ಸಿಗುತ್ತಿದ್ದದ್ದು 152 ಆಯಿತು ಎಂದರೆ ಯೆನ್ ದುಬಾರಿಯಾಯಿತು ಎಂದರ್ಥ. ಫಂಡ್ ವಾಪಸು ಕೊಡಬೇಕಾದ್ದು 160 ಕೋಟಿ ಯೆನ್. 152ರ ದರದಲ್ಲಿ ಅದನ್ನು ಕೊಳ್ಳಲು 1 ಕೋಟಿ 5.26 ಲಕ್ಷ ಡಾಲರ್ ಬೇಕು. ಇಡೀ ವರ್ಷದ ಬಡ್ಡಿ ಲಾಭಕ್ಕಿಂತ ಹೆಚ್ಚಿನ ನಷ್ಟ ಇಷ್ಟರಲ್ಲೇ ಆಗಿಹೋಯಿತು. 145ಕ್ಕೆ ಬಂದರೆ ನಷ್ಟ 10.3 ಲಕ್ಷ, ಸ್ವಂತ ಹಣ ಪೂರ್ತಿ ಖಾಲಿ. ಆದರೆ ಸಾಲ ಕೊಟ್ಟ ಬ್ಯಾಂಕು ಅಲ್ಲಿಯವರೆಗೆ ಕಾಯುವುದಿಲ್ಲ. 150ರ ಹತ್ತಿರ ಬಂದಾಗಲೇ ಫೋನ್ ಬರುತ್ತದೆ: ಮಾರ್ಜಿನ್ ತುಂಬಿ, ಇಲ್ಲವಾದರೆ ನಾವೇ ಯೆನ್ ಕೊಂಡು ಲೆಕ್ಕ ಮುಗಿಸುತ್ತೇವೆ. ಇಲ್ಲಿಂದ ಮುಂದೆ ಯೆನ್ ಕೊಳ್ಳುವುದು ಯಾರ ಅಭಿಪ್ರಾಯಕ್ಕೂ ಬಿಟ್ಟದ್ದಲ್ಲ. ಬೆಲೆ ಎಷ್ಟಿದ್ದರೂ ಕೊಳ್ಳಲೇಬೇಕು. ಹಾಗೆ ಕೊಂಡಾಗ ಯೆನ್ ಇನ್ನಷ್ಟು ಏರಿ, ಮುಂದಿನ ಫಂಡಿಗೆ ಅದೇ ಫೋನ್ ಹೋಗುತ್ತದೆ.

2024ರ ಆ ವಾರಗಳಲ್ಲಿ ಘಟನೆಗಳು ನಡೆದ ಕ್ರಮ ಹೀಗೆ. ಜುಲೈ ಮೊದಲ ವಾರ ಡಾಲರ್‌ಗೆ 161ಕ್ಕೂ ಹೆಚ್ಚು ಯೆನ್. ಜುಲೈ 11ರಂದು ಅಮೆರಿಕದ ಹಣದುಬ್ಬರದ ಅಂಕಿ ನಿರೀಕ್ಷೆಗಿಂತ ಕಡಿಮೆ ಬಂತು. ಅದೇ ಹೊತ್ತಿಗೆ ಜಪಾನ್ ಸರಕಾರ ಪೇಟೆಗಿಳಿದು ಡಾಲರ್ ಮಾರಿ ಯೆನ್ ಕೊಂಡಿತು. ಆ ತಿಂಗಳು ಅದು ಖರ್ಚು ಮಾಡಿದ್ದು 5.5 ಲಕ್ಷ ಕೋಟಿ ಯೆನ್ ಎಂದು ನಂತರ ಲೆಕ್ಕ ಕೊಟ್ಟಿತು. ಜುಲೈ 31ರಂದು ಬ್ಯಾಂಕ್ ಆಫ್ ಜಪಾನ್ ಬಡ್ಡಿಯನ್ನು 0.25%ಗೆ ಏರಿಸಿತು. ಆಗಸ್ಟ್ 2ರಂದು ಅಮೆರಿಕದ ನಿರುದ್ಯೋಗ 4.3% ಎಂಬ ವರದಿ ಬಂದು, ಅಲ್ಲಿನ ಬಡ್ಡಿ ಬೇಗ ಇಳಿಯಬಹುದು ಎನಿಸಿತು. ಒಂದು ಕಡೆ ಸಾಲ ದುಬಾರಿಯಾಗುತ್ತಿದೆ, ಇನ್ನೊಂದು ಕಡೆ ಆದಾಯ ಕರಗುತ್ತಿದೆ. ಆಗಸ್ಟ್ 5ರಂದು ಡಾಲರ್ ದರ 142 ಯೆನ್‌ನ ಕೆಳಕ್ಕೆ ಬಂದಿತ್ತು. ಕಾಲು ಪರ್ಸೆಂಟ್ ಬಡ್ಡಿಗೆ ಜಗತ್ತು ಅಲುಗಾಡಿತೇ ಎಂದು ಆಗ ಹಲವರು ಕೇಳಿದರು. ಆದರೆ ಯೆನ್ ಸಾಲಗಾರರ ಎದೆ ನಡುಗಿಸಿದ್ದು ಬಡ್ಡಿಯ ಕಾಲು ಪರ್ಸೆಂಟ್ ಅಲ್ಲ, ಅಸಲು ಹತ್ತು ಪರ್ಸೆಂಟ್‌ಗೂ ಹೆಚ್ಚು ಬೆಳೆದಿದ್ದು.

ಯೆನ್ ಕೊಳ್ಳಲು ದುಡ್ಡು ಬೇಕಲ್ಲ. ಅದಕ್ಕಾಗಿ ಕೈಯಲ್ಲಿದ್ದ ಷೇರುಗಳನ್ನು ಮಾರಬೇಕಾಯಿತು. ಅಮೆರಿಕದ ಟೆಕ್ ಷೇರು, ಮೆಕ್ಸಿಕೊದ ಬಾಂಡ್, ಭಾರತದ ಷೇರು, ಯಾವುದು ತಕ್ಷಣ ಹಣವಾಗುತ್ತದೋ ಅದು. ಹಾಗಾಗಿ ಯೆನ್‌ಗೆ ಯಾವ ಸಂಬಂಧವೂ ಇಲ್ಲದ ಕಂಪನಿಯ ಷೇರು ಕೂಡ ಆ ದಿನ ಬಿತ್ತು, ರೂಪಾಯಿ ಡಾಲರ್‌ಗೆ 83.85ರ ಆಸುಪಾಸಿನ ಹೊಸ ತಳ ಮುಟ್ಟಿತು. ಆಗಸ್ಟ್ 7ರಂದು ಬ್ಯಾಂಕ್ ಆಫ್ ಜಪಾನ್‌ನ ಉಪ ಗವರ್ನರ್ ಶಿನಿಚಿ ಉಚಿದಾ, ಪೇಟೆ ಅಸ್ಥಿರವಾಗಿರುವಾಗ ಬಡ್ಡಿ ಏರಿಸುವುದಿಲ್ಲ ಎಂದ ಮೇಲೆ ನೂಕುನುಗ್ಗಲು ನಿಂತಿತು.

ಇಂಥ ಗುಂಪು ಸೇರುತ್ತಿದೆ ಎಂದು ಮೊದಲೇ ಗೊತ್ತಾಗುತ್ತದೆಯೇ? ಒಂದಿಷ್ಟು ಗೊತ್ತಾಗುತ್ತದೆ. ಮುಂದಿನ ದಿನಾಂಕದ ದರವನ್ನು ಇವತ್ತೇ ಕಟ್ಟುವ ಒಪ್ಪಂದಗಳಿಗೆ ಫ್ಯೂಚರ್ಸ್ ಎನ್ನುತ್ತಾರೆ. ಅಮೆರಿಕದ ಫ್ಯೂಚರ್ಸ್ ನಿಯಂತ್ರಕ ಸಿಎಫ್‌ಟಿಸಿ ಪ್ರತಿ ಶುಕ್ರವಾರ ಒಂದು ವರದಿ ಬಿಡುತ್ತದೆ. ಆ ವಾರದ ಮಂಗಳವಾರಕ್ಕೆ ಯಾವ ಕರೆನ್ಸಿಯ ಮೇಲೆ ಎಷ್ಟು ಕಾಂಟ್ರಾಕ್ಟ್ ಬಾಕಿ ಇವೆ ಎಂಬ ಲೆಕ್ಕ ಅದರಲ್ಲಿರುತ್ತದೆ, ಯಾರು ಬೇಕಾದರೂ ಉಚಿತವಾಗಿ ನೋಡಬಹುದು. 2024ರ ಜುಲೈ ಆರಂಭದಲ್ಲಿ ಊಹಾಪೋಹದ ವ್ಯಾಪಾರಿಗಳು ಯೆನ್ ವಿರುದ್ಧ ಕಟ್ಟಿದ್ದ ನಿವ್ವಳ ಕಾಂಟ್ರಾಕ್ಟ್‌ಗಳು ಸುಮಾರು 1.8 ಲಕ್ಷ. ಒಂದೊಂದು ಕಾಂಟ್ರಾಕ್ಟ್ 1.25 ಕೋಟಿ ಯೆನ್‌ನದು. ಎಲ್ಲ ಸೇರಿ ಹತ್ತಿರ ಹತ್ತಿರ 1,400 ಕೋಟಿ ಡಾಲರ್ ಮೌಲ್ಯದ ಯೆನ್ ಸಾಲ. ಇದು ಕಣ್ಣಿಗೆ ಕಾಣುವ ತುದಿ ಮಾತ್ರ. ಬ್ಯಾಂಕುಗಳ ನಡುವೆ ಕರೆನ್ಸಿ ಅದಲುಬದಲು ಮಾಡಿಕೊಳ್ಳುವ ಸ್ವಾಪ್ ವ್ಯವಹಾರ ಈ ವರದಿಯಲ್ಲಿ ಬರುವುದಿಲ್ಲ. ಆದರೂ ದಿಕ್ಕು ತಿಳಿಯಲು ಸಾಕು. ಒಂದೇ ಕಡೆ ಅಷ್ಟು ಜನ ನಿಂತಿದ್ದರೆ ಬಾಗಿಲು ಕಿರಿದು ಎಂದು ಅರ್ಥಮಾಡಿಕೊಳ್ಳಬೇಕು. ಯಾವ ದಿನ ಓಟ ಶುರುವಾಗುತ್ತದೆ ಎಂಬುದನ್ನು ಮಾತ್ರ ಈ ಅಂಕಿ ಹೇಳುವುದಿಲ್ಲ. ಆಗಸ್ಟ್ ನಡುವಿನ ಹೊತ್ತಿಗೆ ಇದೇ ವ್ಯಾಪಾರಿಗಳ ನಿವ್ವಳ ಲೆಕ್ಕ ಯೆನ್ ಪರವಾಗಿ ತಿರುಗಿಬಿಟ್ಟಿತ್ತು.

ಡಾಲರ್ ಕಥೆಯೂ ಸಾಲದ್ದೇ, ಆದರೆ ಸಾಲಗಾರರು ಬೇರೆ. ಯೆನ್ ಸಾಲ ತೆಗೆಯುವವರು ಹೆಚ್ಚಾಗಿ ಬಡ್ಡಿ ಅಗ್ಗ ಎಂದು ಬಂದವರು. ಡಾಲರ್ ಸಾಲ ತೆಗೆಯುವವರು ಬೇರೆ ದಾರಿ ಇಲ್ಲದೆ ಬಂದವರು: ತೈಲ, ತಾಮ್ರ, ವಿಮಾನ, ಹಡಗಿನ ಬಾಡಿಗೆ ಎಲ್ಲದರ ಬೆಲೆ ಡಾಲರ್‌ನಲ್ಲಿ. ಅಮೆರಿಕದ ಹೊರಗಿನ ಕಂಪನಿಗಳು, ಸರಕಾರಗಳು ಹೊತ್ತಿರುವ ಡಾಲರ್ ಸಾಲ 12 ಲಕ್ಷ ಕೋಟಿ ಡಾಲರ್‌ಗೂ ಮೇಲೆ. ವ್ಯಾಪಾರ ನಿಂತರೂ ಕಂತು ನಿಲ್ಲುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಭಯಕ್ಕೆ ಜಗತ್ತು ಬಾಗಿಲು ಹಾಕಿದಾಗ ಎಲ್ಲರಿಗೂ ಬೇಕಾದದ್ದು ನಗದು ಡಾಲರ್. ಬೇರೆ ಪ್ರಮುಖ ಕರೆನ್ಸಿಗಳ ಎದುರು ಡಾಲರ್ ಬಲ ಅಳೆಯುವ ಡಾಲರ್ ಸೂಚ್ಯಂಕ ಮಾರ್ಚ್ 9ರಂದು 95ರ ಹತ್ತಿರ ಇದ್ದದ್ದು ಎರಡು ವಾರದೊಳಗೆ 103 ಆಯಿತು. ಆ ದಿನಗಳಲ್ಲಿ ಚಿನ್ನವೂ ಇಳಿಯಿತು, ಔನ್ಸ್‌ಗೆ ಸುಮಾರು 1,680 ಡಾಲರ್‌ನಿಂದ 1,470ಕ್ಕೆ. ಅಮೆರಿಕದ ಸರಕಾರಿ ಸಾಲಪತ್ರವನ್ನೇ ಜನ ಮಾರಿದರು. ಆಸರೆ ಎಂದು ಇಟ್ಟುಕೊಂಡಿದ್ದ ಚಿನ್ನವನ್ನೂ ಮಾರಿ ಡಾಲರ್ ಹುಡುಕಿದರೆಂದರೆ, ಅದು ಭದ್ರತೆಯ ಹುಡುಕಾಟ ಅಲ್ಲ, ಬಾಕಿ ಕಟ್ಟುವ ಧಾವಂತ.

ಆ ನೂಕುನುಗ್ಗಲನ್ನು ತಣಿಸಿದ್ದು ಫೆಡರಲ್ ರಿಸರ್ವ್‌ನ ಸ್ವಾಪ್ ಲೈನ್. ಬೇರೆ ದೇಶದ ಕೇಂದ್ರ ಬ್ಯಾಂಕು ತನ್ನ ಕರೆನ್ಸಿಯನ್ನು ಒತ್ತೆ ಇಟ್ಟು ಫೆಡ್‌ನಿಂದ ಡಾಲರ್ ತರಬಹುದು, ಅದನ್ನು ತನ್ನ ದೇಶದ ಬ್ಯಾಂಕುಗಳಿಗೆ ಕೊಡಬಹುದು. ಐದು ಕೇಂದ್ರ ಬ್ಯಾಂಕುಗಳಿಗೆ ಈ ಸೌಲಭ್ಯ ಮೊದಲೇ ಇತ್ತು, ಮಾರ್ಚ್ 19ರಂದು ಇನ್ನೂ ಒಂಬತ್ತಕ್ಕೆ ಸಿಕ್ಕಿತು. ಭಾರತ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ರಿಸರ್ವ್ ಬ್ಯಾಂಕ್ ತನ್ನದೇ ದಾಸ್ತಾನಿನಿಂದ ಮಾರ್ಚ್ 16ರಂದು 200 ಕೋಟಿ ಡಾಲರ್‌ನ ಆರು ತಿಂಗಳ ಸ್ವಾಪ್ ಹರಾಜು ಹಾಕಿತು. ನಮ್ಮ ಕೇಂದ್ರ ಬ್ಯಾಂಕು ನೂರಾರು ಶತಕೋಟಿ ಡಾಲರ್ ಕೂಡಿಟ್ಟುಕೊಳ್ಳುವುದು ಏಕೆ ಎಂಬ ಪ್ರಶ್ನೆಗೆ ಆ ತಿಂಗಳೇ ಉತ್ತರ. ವಿದೇಶಿ ಹೂಡಿಕೆದಾರರು ಆ ಒಂದು ತಿಂಗಳಲ್ಲಿ ಭಾರತದಿಂದ 1 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ತೆಗೆದರು.

ಸಾಲದ ಕನ್ನಡಕ ಹಾಕಿಕೊಂಡು ನೋಡಿದರೆ, ಆಸರೆ ಕರೆನ್ಸಿ ಕೈಕೊಟ್ಟ ಸಂದರ್ಭಗಳೂ ಅರ್ಥವಾಗುತ್ತವೆ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಯೆನ್ ಡಾಲರ್‌ಗೆ 115 ಇತ್ತು. ಯುದ್ಧ ಬಂದಿದೆ, ಯೆನ್ ಏರುತ್ತದೆ ಎಂದು ಕೊಂಡವರು ಅಕ್ಟೋಬರ್ ಹೊತ್ತಿಗೆ ಅದು 150 ದಾಟಿ ಬಿದ್ದದ್ದನ್ನು ನೋಡಬೇಕಾಯಿತು. ಆ ವರ್ಷ ಅಮೆರಿಕ ಬಡ್ಡಿ ಏರಿಸುತ್ತಲೇ ಹೋಯಿತು, ಜಪಾನ್ ಏರಿಸಲಿಲ್ಲ. ಯೆನ್ ಸಾಲ ತೀರಿಸುವ ಅವಸರ ಯಾರಿಗೂ ಬರಲಿಲ್ಲ, ಹೊಸ ಸಾಲ ತೆಗೆಯಲೇ ಜನ ಬಂದರು. ಜೊತೆಗೆ ತೈಲ, ಅನಿಲ ದುಬಾರಿಯಾಗಿ ಅವನ್ನು ಆಮದು ಮಾಡುವ ಜಪಾನ್ ಹೆಚ್ಚು ಡಾಲರ್ ಕೊಳ್ಳಬೇಕಾಯಿತು. ಬಿಕ್ಕಟ್ಟು ಬಡ್ಡಿಯ ಅಂತರವನ್ನು ಕುಗ್ಗಿಸುತ್ತದೋ ಹಿಗ್ಗಿಸುತ್ತದೋ ಎಂಬುದೇ ಯೆನ್‌ಗೆ ಮುಖ್ಯ, ಬಿಕ್ಕಟ್ಟು ಎಷ್ಟು ದೊಡ್ಡದು ಎಂಬುದಲ್ಲ.

2025ರ ಏಪ್ರಿಲ್‌ನಲ್ಲಿ ಡಾಲರ್‌ಗೂ ಹೀಗಾಯಿತು. ಏಪ್ರಿಲ್ 2ರಂದು ಅಮೆರಿಕ ಭಾರೀ ಆಮದು ಸುಂಕ ಘೋಷಿಸಿದ ಮೇಲೆ ಷೇರುಪೇಟೆಗಳು ಬಿದ್ದವು, ಡಾಲರ್ ಏರುವ ಬದಲು ಇಳಿಯಿತು, ಡಾಲರ್ ಸೂಚ್ಯಂಕ 100ರ ಕೆಳಗೆ ಹೋಯಿತು. ಫ್ರಾಂಕ್ ಮತ್ತು ಯೆನ್ ಏರಿದವು. ಅಮೆರಿಕದ ಹತ್ತು ವರ್ಷದ ಸಾಲಪತ್ರದ ಬಡ್ಡಿಯೂ ಏರಿತು, ಅಂದರೆ ಅದರ ಬೆಲೆ ಬಿತ್ತು. ಭಯದ ದಿನಗಳಲ್ಲಿ ಒಂದು ದೇಶದ ಕರೆನ್ಸಿ ಮತ್ತು ಅದರ ಸರಕಾರಿ ಸಾಲಪತ್ರ ಎರಡೂ ಒಟ್ಟಿಗೆ ಬಿದ್ದರೆ, ಆಸರೆಯ ಪಾತ್ರ ಸಡಿಲವಾಗಿದೆ ಎನ್ನಲು ಅದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ಅದರ ಕಾರಣಗಳಲ್ಲಿ ಒಂದು ಹೀಗೆ: ಯುರೋಪ್, ಏಷ್ಯಾದ ವಿಮೆ ಮತ್ತು ಪಿಂಚಣಿ ಸಂಸ್ಥೆಗಳು ವರ್ಷಗಟ್ಟಲೆ ಅಮೆರಿಕದ ಷೇರು, ಬಾಂಡ್ ಕೊಂಡು, ಕರೆನ್ಸಿ ಅಪಾಯಕ್ಕೆ ಪೂರ್ತಿ ರಕ್ಷಣೆ ಮಾಡಿಕೊಳ್ಳದೆ ಕೂತಿದ್ದವು. ಏಪ್ರಿಲ್‌ನಲ್ಲಿ ಹೆದರಿ ಮುಂಗಡವಾಗಿ ಡಾಲರ್ ಮಾರಲು ಶುರುಮಾಡಿದವು. ಈ ಬಾರಿ ಓಡಿದವರಲ್ಲಿ ಡಾಲರ್ ಕೊಡಬೇಕಾದವರಿಗಿಂತ ಡಾಲರ್ ಇಟ್ಟುಕೊಂಡವರು ಹೆಚ್ಚಿದ್ದರು.

ಪೀಣ್ಯಕ್ಕೆ ವಾಪಸು ಬರೋಣ. ಯೆನ್‌ನಲ್ಲಿ ಬಾಕಿ ಇಟ್ಟುಕೊಂಡು, ದರ ಇಳಿಯಬಹುದೆಂದು ಕಾದ ಮಾಲೀಕರು ಗೊತ್ತಿಲ್ಲದೆಯೇ ಆ ಫಂಡ್ ನಿಂತ ಸಾಲಿನಲ್ಲೇ ನಿಂತಿದ್ದರು. ಕೊಡಬೇಕಾದದ್ದು ಯೆನ್, ಕೈಯಲ್ಲಿರುವುದು ರೂಪಾಯಿ. ಜಗತ್ತು ಹೀಗೆ ಬೆಚ್ಚಿದ ದಿನ ಸಾಮಾನ್ಯವಾಗಿ ರೂಪಾಯಿ ಇಳಿಯುತ್ತದೆ, ಯೆನ್ ಏರುತ್ತದೆ, ಎರಡೂ ಕಡೆಯಿಂದ ಏಟು.

ಇದಕ್ಕೆ ಬ್ಯಾಂಕಿನಲ್ಲಿ ಫಾರ್ವರ್ಡ್ ಬುಕ್ ಮಾಡುವುದೇ ದಾರಿ. ಇನ್‌ವಾಯ್ಸ್ ಅಥವಾ ಖರೀದಿ ಆದೇಶ ತೋರಿಸಿ, ಇಂಥ ದಿನಾಂಕಕ್ಕೆ ಇಷ್ಟು ಯೆನ್ ಇಂಥ ದರದಲ್ಲಿ ಎಂದು ಇವತ್ತೇ ಒಪ್ಪಂದ ಮಾಡಿಕೊಳ್ಳುವುದು. ಆ ದರ ಇವತ್ತಿನ ದರಕ್ಕಿಂತ ಹೆಚ್ಚಿರುತ್ತದೆ, ಏಕೆಂದರೆ ರೂಪಾಯಿ ಬಡ್ಡಿ ಯೆನ್ ಬಡ್ಡಿಗಿಂತ ಹೆಚ್ಚು. 2024ರ ಜುಲೈನ ಬಡ್ಡಿ ಅಂತರದಲ್ಲಿ ಇದು ವರ್ಷಕ್ಕೆ ಆರೂವರೆ ಪರ್ಸೆಂಟ್ ಸುಮಾರು, ಒಂದು ತಿಂಗಳಿಗೆ ಅರ್ಧ ಪರ್ಸೆಂಟ್ ಚಿಲ್ಲರೆ. 77.4 ಲಕ್ಷದ ಬಿಲ್ಲಿಗೆ 40 ಸಾವಿರದಷ್ಟು. ಈ 40 ಸಾವಿರ ಉಳಿಸಲು ಹೋದದ್ದಕ್ಕೆ ಹತ್ತು ಲಕ್ಷ ಹೋಯಿತು. ಹಿಂದಿನ ಎರಡು ವರ್ಷ ಯೆನ್ ಇಳಿಯುತ್ತಲೇ ಇದ್ದದ್ದರಿಂದ ಫಾರ್ವರ್ಡ್ ಮಾಡದವರಿಗೆ ಲಾಭವೇ ಆಗಿತ್ತು. ಆ ಅಭ್ಯಾಸವೇ ಇಲ್ಲಿ ಮುಳುವಾಗುವುದು.

ಎಡವುವ ಜಾಗ ಇನ್ನೊಂದಿದೆ. ಯೆನ್‌ಗೆ ರೂಪಾಯಿ ದರ ಎರಡು ತುಂಡುಗಳಿಂದ ಆಗುತ್ತದೆ: ಡಾಲರ್‌ಗೆ ರೂಪಾಯಿ ಎಷ್ಟು, ಡಾಲರ್‌ಗೆ ಯೆನ್ ಎಷ್ಟು. ಕೆಲವರು ಅಭ್ಯಾಸಬಲದಿಂದ ಡಾಲರ್-ರೂಪಾಯಿ ತುಂಡನ್ನು ಮಾತ್ರ ಬುಕ್ ಮಾಡಿ ನಿಶ್ಚಿಂತರಾಗುತ್ತಾರೆ. ಆ ನಾಲ್ಕು ವಾರಗಳಲ್ಲಿ ಡಾಲರ್ 83.50ರಿಂದ 83.85ಕ್ಕೆ ಸರಿದಿತ್ತು, ಅರ್ಧ ಪರ್ಸೆಂಟ್ ಕೂಡ ಇಲ್ಲ. ಹೊಡೆತವೆಲ್ಲ ಬಂದದ್ದು ಡಾಲರ್-ಯೆನ್ ತುಂಡಿನಿಂದ, ಅದು ಸುಮಾರು 13%. ಬ್ಯಾಂಕಿನ ಫಾರೆಕ್ಸ್ ಡೆಸ್ಕ್‌ಗೆ ಹೇಳುವಾಗ ಯೆನ್-ರೂಪಾಯಿ ಎಂದೇ ಹೇಳಿ, ದೃಢೀಕರಣ ಪತ್ರದಲ್ಲಿ ಎರಡೂ ದರಗಳು ಕಟ್ಟಿಕೊಂಡಿವೆಯೇ ಎಂದು ನೋಡಬೇಕು.

ಯಂತ್ರ ಬರುವುದು ತಡವಾದರೆ ಫಾರ್ವರ್ಡ್ ತಾನಾಗಿ ಮುಂದೆ ಹೋಗುವುದಿಲ್ಲ. ಗಡುವಿನ ದಿನ ಹಳೆಯ ಒಪ್ಪಂದವನ್ನು ಆವತ್ತಿನ ದರದಲ್ಲಿ ರದ್ದು ಮಾಡಿ ಹೊಸದನ್ನು ಬುಕ್ ಮಾಡುತ್ತಾರೆ. ಯೆನ್ ಇಳಿದಿದ್ದರೆ ವ್ಯತ್ಯಾಸದ ಹಣವನ್ನು ಅವತ್ತೇ ಕೈಯಿಂದ ಕಟ್ಟಬೇಕು. ಹೊಸ ಒಪ್ಪಂದ ಅಗ್ಗದ ದರದಲ್ಲಿ ಆಗಿ ಅದು ನಂತರ ಸರಿಹೋಗುತ್ತದೆ, ಆದರೆ ನಗದು ಈಗ ಬೇಕು. ಸಾಗಣೆ ತಡವಾಗುವ ಸಾಧ್ಯತೆ ಇದ್ದರೆ ಒಂದೇ ದಿನಾಂಕದ ಬದಲು, ತಿಂಗಳೊಂದರ ಅವಧಿಯಲ್ಲಿ ಯಾವ ದಿನ ಬೇಕಾದರೂ ಯೆನ್ ಎತ್ತಿಕೊಳ್ಳುವ ಆಯ್ಕೆಯುಳ್ಳ ಫಾರ್ವರ್ಡ್ ಕೇಳಿ ಪಡೆಯುವುದು ಒಳ್ಳೆಯದು. ಅದಕ್ಕೆ ದರ ತುಸು ಹೆಚ್ಚಾಗುತ್ತದೆ.